ಅತ್ತೆಗೆ ಕೀಮೋ ಮಾತ್ರೆ ಕೊಡುವ ಮನೆಯಲ್ಲಿ

(ಚಿಂತಾಮಣಿಯಲ್ಲಿ ಸ್ವಸಹಾಯ ಸಂಘದ ಮಹಿಳೆಯರು ಮತ್ತು ಆಶಾ ಕಾರ್ಯಕರ್ತೆಯರ ಮುಂದೆ ಕ್ಯಾನ್ಸರ್ ವಿಭಾಗದ ನರ್ಸ್ ಒಬ್ಬರು ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಕೀಮೋ ಅಂದರೆ ನಮ್ಮ ಕಣ್ಣ ಮುಂದೆ ಬರುವುದು ಡ್ರಿಪ್ ಬಾಟಲಿ, ಬೆಂಗಳೂರಿನ ಆಸ್ಪತ್ರೆ, ಉದುರಿದ ಕೂದಲು. ಆದರೆ ಈಗ ಎಷ್ಟೋ ಜನಕ್ಕೆ ಕೀಮೋ ಮಾತ್ರೆ ರೂಪದಲ್ಲೇ ಮನೆಗೆ ಬರುತ್ತದೆ. ಒಂದು ಕವರಿನಲ್ಲಿ ಸ್ಟ್ರಿಪ್‌ಗಳನ್ನು ಹಾಕಿಕೊಂಡು ಬಸ್ಸು ಹತ್ತಿ ಊರಿಗೆ ಬಂದುಬಿಡುತ್ತಾರೆ. ಡ್ರಿಪ್ ಹಾಕುವಾಗ ಪಕ್ಕದಲ್ಲಿ ನಾವು ನರ್ಸ್‌ಗಳು ಇರುತ್ತೇವೆ. ಮಾತ್ರೆ ನುಂಗುವಾಗ ಇರುವುದು ಸೊಸೆ, ಇಲ್ಲ ಮಗ. ಅಂದರೆ ಮಾತ್ರೆ ನಡೆಯುವ ಅಷ್ಟೂ ದಿನ ನಮ್ಮ ಕೆಲಸ ಅವರು ಮಾಡಬೇಕು.

ಕೀಮೋ ಮಾತ್ರೆಗಳು ಹಲವು ಥರ ಇವೆ, ಒಂದೊಂದರ ನಿಯಮ ಒಂದೊಂದು. ಎಲ್ಲವನ್ನೂ ಹೇಳಲು ಹೋದರೆ ಗೊಂದಲ ಆಗುತ್ತದೆ. ಅದಕ್ಕೇ ಇವತ್ತು ಕೆಪೆಸಿಟಬಿನ್ ಅನ್ನುವ ಒಂದೇ ಮಾತ್ರೆಯ ಬಗ್ಗೆ ಮಾತಾಡುತ್ತೇನೆ. ದೊಡ್ಡ ಕರುಳು, ಹೊಟ್ಟೆ, ಸ್ತನದ ಕ್ಯಾನ್ಸರ್‌ಗೆ ಇದನ್ನು ತುಂಬಾ ಕೊಡುತ್ತಾರೆ. ನಿಮ್ಮ ಮನೆಯಲ್ಲಿ ಇರುವುದು ಬೇರೆ ಮಾತ್ರೆಯಾದರೆ, ನಾನು ಹೇಳುವ ಲೆಕ್ಕವನ್ನು ಅದಕ್ಕೆ ಹಚ್ಚಬೇಡಿ. ಸ್ಟ್ರಿಪ್ ಮೇಲಿನ ಹೆಸರು ಓದಿ, ನಿಮ್ಮ ಆಸ್ಪತ್ರೆಯವರನ್ನೇ ಕೇಳಿ.

ಒಂದು ಮನೆ ಇಟ್ಟುಕೊಂಡು ಮಾತಾಡೋಣ. ಶಿಡ್ಲಘಟ್ಟ ಕಡೆ ಒಂದು ಮನೆ. ಅತ್ತೆಗೆ ಐವತ್ತೆಂಟು ವರ್ಷ, ರೇಷ್ಮೆ ರೀಲಿಂಗ್ ಕೆಲಸ ಮಾಡಿದವರು. ದೊಡ್ಡ ಕರುಳಿನ ಆಪರೇಷನ್ ಆಗಿದೆ. ಸೊಸೆ ನಾಲ್ಕು ತಿಂಗಳ ಬಸುರಿ. ಮಗ ಹಾಲಿನ ಡೈರಿಗೆ ಹಾಲು ಹಾಕಿ ಹೊಲದ ಕೆಲಸ ನೋಡಿಕೊಳ್ಳುತ್ತಾನೆ. ಡಾಕ್ಟರು ಅತ್ತೆಯ ಎತ್ತರ, ತೂಕ, ಕಿಡ್ನಿ ಪರೀಕ್ಷೆ ಎಲ್ಲ ನೋಡಿ 500 ಮಿಲಿಗ್ರಾಂ ಮಾತ್ರೆ ಬೆಳಿಗ್ಗೆ ಮೂರು, ರಾತ್ರಿ ಮೂರು ಬರೆದಿದ್ದಾರೆ. ಹದಿನಾಲ್ಕು ದಿನ ಕೊಡಬೇಕು, ಆಮೇಲೆ ಏಳು ದಿನ ಬಿಡಬೇಕು. ಈ ಮೂರು ವಾರಕ್ಕೆ ಒಂದು ಸೈಕಲ್ ಅನ್ನುತ್ತೇವೆ. ದಿನಕ್ಕೆ ಆರರಂತೆ ಹದಿನಾಲ್ಕು ದಿನಕ್ಕೆ 84 ಮಾತ್ರೆ. ಇದು ಈ ಅತ್ತೆಯ ಲೆಕ್ಕ ಮಾತ್ರ. ಪಕ್ಕದ ಮನೆಯವರಿಗೆ ನಾಲ್ಕೋ ಐದೋ ಇರಬಹುದು, ಹೋಲಿಸಿ ನೋಡಬೇಡಿ.

ಮೊದಲು ಕೊಡುವ ಕ್ರಮ. ಊಟ ಅಥವಾ ತಿಂಡಿ ಆದ ಅರ್ಧ ಗಂಟೆಯೊಳಗೆ, ನೀರಿನ ಜೊತೆ. ಎರಡು ಹೊತ್ತಿನ ನಡುವೆ ಸುಮಾರು ಹನ್ನೆರಡು ಗಂಟೆ ಅಂತರ ಇರಬೇಕು. ಈ ಮನೆಯಲ್ಲಿ ಮಗ ಬೆಳಿಗ್ಗೆ ಡೈರಿಯಿಂದ ಬಂದು ಎಲ್ಲರೂ ತಿಂಡಿ ತಿನ್ನುವುದು ಎಂಟಕ್ಕೆ. ರಾತ್ರಿ ಮುದ್ದೆ ಊಟ ಎಂಟಕ್ಕೆ. ಮಾತ್ರೆ ಆ ಎರಡು ಹೊತ್ತಿಗೆ ಸರಿಯಾಗಿ ಕೂತುಕೊಂಡಿತು. ನಿಮ್ಮ ಮನೆಯ ಊಟದ ಹೊತ್ತು ನೋಡಿಕೊಂಡು ನೀವೂ ಹಾಗೇ ಗೊತ್ತು ಮಾಡಿಕೊಳ್ಳಿ. ಗೋಡೆ ಕ್ಯಾಲೆಂಡರಿನಲ್ಲಿ ಮೊದಲ ದಿನಕ್ಕೆ 1 ಅಂತ ಬರೆದು 14ರವರೆಗೆ ನಂಬರು ಹಾಕಿ. ಆಮೇಲಿನ ಏಳು ದಿನಕ್ಕೆ ದೊಡ್ಡದಾಗಿ ಅಡ್ಡಗೆರೆ ಎಳೆಯಿರಿ. ಪ್ರತಿ ಹೊತ್ತು ಕೊಟ್ಟ ಮೇಲೆ ಒಂದು ಟಿಕ್ ಹಾಕಿ, ಕೊಡುವ ಮುಂಚೆ ಅಲ್ಲ. ಮನೆಯಲ್ಲಿ ಇಬ್ಬರು ನೋಡಿಕೊಳ್ಳುವ ಕಡೆ ಆ ಟಿಕ್ ತುಂಬಾ ಮುಖ್ಯ. ಮಗ ಕೊಟ್ಟಿದ್ದು ಗೊತ್ತಾಗದೆ ಸೊಸೆಯೂ ಕೊಟ್ಟರೆ ಡಬಲ್ ಡೋಸ್ ಆಗಿಬಿಡುತ್ತದೆ. ಹಾಗೇನಾದರೂ ಆದರೆ ನಾಳೆವರೆಗೆ ಕಾಯಬೇಡಿ, ಆಗಲೇ ಫೋನ್ ಮಾಡಿ.

ಇನ್ನು ಮುಟ್ಟುವ ವಿಷಯ. ಈ ಔಷಧಿ ಬೆಳೆಯುವ ಜೀವಕೋಶವನ್ನು ಕೊಲ್ಲುತ್ತದೆ. ರೋಗಿಯ ಗಡ್ಡೆಗೆ ಅದು ಬೇಕು, ಹೊಟ್ಟೆಯಲ್ಲಿರುವ ಮಗುವಿಗೆ ಬೇಡವೇ ಬೇಡ. ಹಾಗಾಗಿ ಈ ಮನೆಯಲ್ಲಿ ಮಾತ್ರೆ ಕೊಡುವ ಕೆಲಸ ಮಗನದು. ಸೊಸೆ ಸ್ಟ್ರಿಪ್ ಮುಟ್ಟಬಾರದು. ಎಳೆ ಮಗುವಿಗೆ ಹಾಲುಣಿಸುವವರಿಗೂ ಇದೇ ಮಾತು. ಮನೆಯ ಇಡೀ ಆರೈಕೆ ಸೊಸೆಯ ತಲೆ ಮೇಲೇ ಬೀಳುವುದು ನಮ್ಮ ಕಡೆ ರೂಢಿ, ಅದು ನನಗೂ ಗೊತ್ತು. ಆದರೆ ಇದೊಂದು ಕೆಲಸದಲ್ಲಿ ಗಂಡಸರು ಮುಂದೆ ಬರಲೇಬೇಕು, ಇಲ್ಲಿ ನಾನು ರಾಜಿ ಆಗುವುದಿಲ್ಲ.

ರೋಗಿಗೆ ಕೈ ಗಟ್ಟಿ ಇದ್ದರೆ ಅವರೇ ಸ್ಟ್ರಿಪ್ ಒತ್ತಿ ಮಾತ್ರೆ ತೆಗೆದುಕೊಳ್ಳುವುದು ಎಲ್ಲಕ್ಕಿಂತ ಒಳ್ಳೆಯದು. ಅವರಿಗೆ ಗ್ಲೌಸ್ ಬೇಡ, ಆಮೇಲೆ ಸೋಪು ಹಾಕಿ ಕೈ ತೊಳೆದರೆ ಸಾಕು. ಆಗದಿದ್ದರೆ ಮಗ ಗ್ಲೌಸ್ ಹಾಕಿಕೊಂಡು ಮಾತ್ರೆಯನ್ನು ಒಂದು ಚಿಕ್ಕ ಬಟ್ಟಲಿಗೆ ಬೀಳಿಸಿ ಕೊಡಲಿ. ಆ ಬಟ್ಟಲು ಮಾತ್ರೆಗೇ ಮೀಸಲು, ಬೇರೆ ಯಾತಕ್ಕೂ ಬಳಸಬಾರದು. ಗ್ಲೌಸ್ ಬಿಚ್ಚಿದ ಮೇಲೂ ಕೈ ತೊಳೆಯಬೇಕು.

ಮಾತ್ರೆ ದೊಡ್ಡದು, ನುಂಗಲು ಕಷ್ಟ ಅಂತ ಕೆಲವರು ಕುಟ್ಟಾಣಿಯಲ್ಲಿ ಕುಟ್ಟಿ ಬಾಳೆಹಣ್ಣಿನಲ್ಲಿ ಇಟ್ಟು ಕೊಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಮಾತ್ರೆಯ ಮೇಲೆ ಒಂದು ಪದರ ಇರುತ್ತದೆ. ಅದು ಇರುವವರೆಗೆ ಔಷಧಿ ಒಳಗೇ ಇರುತ್ತದೆ. ಕುಟ್ಟಿದರೆ ಪುಡಿ ಗಾಳಿಯಲ್ಲಿ ಏಳುತ್ತದೆ, ಕುಟ್ಟಿದವರ ಮೂಗಿಗೆ ಹೋಗುತ್ತದೆ, ಮಾರನೇ ದಿನ ಅದೇ ಕುಟ್ಟಾಣಿಯಲ್ಲಿ ಬೆಳ್ಳುಳ್ಳಿ ಜಜ್ಜಿದರೆ ಮನೆಯವರೆಲ್ಲರ ಹೊಟ್ಟೆಗೂ ಹೋಗುತ್ತದೆ. ನುಂಗಲು ಆಗುತ್ತಿಲ್ಲ ಅಂದರೆ ಆಸ್ಪತ್ರೆಯವರಿಗೆ ಹೇಳಿ, ಅವರು ದಾರಿ ತೋರಿಸುತ್ತಾರೆ.

ಮಾತ್ರೆಯ ಹೆಚ್ಚಿನ ಭಾಗ ಮೂತ್ರದಲ್ಲಿ ಹೊರಗೆ ಬರುತ್ತದೆ. ಮಾತ್ರೆ ನಡೆಯುವ ದಿನಗಳಲ್ಲಿ, ಕೊನೆಯ ಮಾತ್ರೆ ಆದ ಮೇಲೆ ಎರಡು ದಿನ, ಅತ್ತೆ ಟಾಯ್ಲೆಟ್ಟಿಗೆ ಹೋಗಿ ಬಂದರೆ ಬಕೆಟ್ ತುಂಬ ನೀರು ಸುರಿಯಬೇಕು. ಫ್ಲಶ್ ಇದ್ದರೆ ಮುಚ್ಚಳ ಹಾಕಿ ಎರಡು ಸಲ ಒತ್ತಬೇಕು. ವಾಂತಿಯೋ ಬೇಧಿಯೋ ಆಗಿ ಬಟ್ಟೆ ಹೊಲಸಾದರೆ ಗ್ಲೌಸ್ ಹಾಕಿಕೊಂಡು ಅದನ್ನು ಬೇರೆ ಒಗೆಯಬೇಕು. ಬೇರೆ ಬಟ್ಟೆಗಳ ಜೊತೆ ನೆನೆಸಬಾರದು.

ಇಷ್ಟು ಹೇಳಿದ ಕೂಡಲೇ ಕೆಲವರು ರೋಗಿಯನ್ನೇ ದೂರ ಇಡಲು ಶುರು ಮಾಡುತ್ತಾರೆ. ತಟ್ಟೆ ಬೇರೆ, ಲೋಟ ಬೇರೆ, ಮೊಮ್ಮಕ್ಕಳು ಹತ್ತಿರ ಹೋಗಬಾರದು ಅಂತೆಲ್ಲ. ಇದು ನನಗೆ ತುಂಬಾ ನೋವು ಕೊಡುವ ವಿಷಯ. ಮೊಮ್ಮಗು ಅಜ್ಜಿಯ ತೊಡೆ ಮೇಲೆ ಕೂರಬಹುದು, ತಬ್ಬಿಕೊಳ್ಳಬಹುದು, ಪಕ್ಕದಲ್ಲಿ ಮಲಗಬಹುದು. ಬಸುರಿ ಸೊಸೆ ಅತ್ತೆಯ ತಲೆ ಬಾಚಬಹುದು. ಅತ್ತೆ ಉಂಡ ತಟ್ಟೆಯನ್ನು ಎಂದಿನಂತೆ ಸೋಪಿನಲ್ಲಿ ತೊಳೆದರೆ ಸಾಕು. ಹುಷಾರಾಗಿರಬೇಕಾದ್ದು ಮಾತ್ರೆಯ ಹತ್ತಿರ, ಮಲಮೂತ್ರ ವಾಂತಿಯ ಹತ್ತಿರ. ಅತ್ತೆಯ ಹತ್ತಿರ ಅಲ್ಲ.

ಈಗ ನಾನು ಇಲ್ಲಿಗೆ ಬಂದ ಮುಖ್ಯ ಮಾತು. ಕ್ಷಯದ ಮಾತ್ರೆ ಒಂದು ದಿನವೂ ತಪ್ಪಿಸಬಾರದು ಅಂತ ಆಶಾ ಅಕ್ಕಂದಿರು ಮನೆ ಮನೆಗೆ ಹೋಗಿ ಹೇಳುತ್ತೀರಿ. ಆಂಟಿಬಯೋಟಿಕ್ ಕೋರ್ಸ್ ಪೂರ್ತಿ ಮುಗಿಸಬೇಕು ಅಂತಲೂ ಜನಕ್ಕೆ ಗೊತ್ತು. ಒಳ್ಳೆಯದೇ. ಆದರೆ ಅದೇ ಪಾಠವನ್ನು ಈ ಮಾತ್ರೆಗೆ ತಂದರೆ ಜೀವಕ್ಕೆ ಅಪಾಯ. ಕೆಪೆಸಿಟಬಿನ್ ವಿಷಯದಲ್ಲಿ ಒಂದು ಹೊತ್ತು ತಪ್ಪಿದರೆ ಆಗುವ ನಷ್ಟ ಕಡಿಮೆ. ನಿಲ್ಲಿಸಬೇಕಾದ ದಿನ ನಿಲ್ಲಿಸದೆ ಕೊಟ್ಟರೆ ಆಗುವ ನಷ್ಟ ದೊಡ್ಡದು. ನಮ್ಮ ವಾರ್ಡಿಗೆ ಬಂದು ಮಲಗುವವರಲ್ಲಿ ಮಾತ್ರೆ ಮರೆತವರು ಕಮ್ಮಿ. ಬೇಧಿ ಆಗುತ್ತಿದ್ದರೂ "ಡಾಕ್ಟರು ಬರೆದಿದ್ದಾರೆ, ಕೋರ್ಸ್ ಬಿಡಬಾರದು" ಅಂತ ನಿಷ್ಠೆಯಿಂದ ನುಂಗಿದವರೇ ಜಾಸ್ತಿ.

ಆ ಶಿಡ್ಲಘಟ್ಟದ ಮನೆಗೆ ಹೋಗೋಣ. ಮಾತ್ರೆ ಶುರುವಾದದ್ದು ಸೋಮವಾರ. ಒಂಬತ್ತನೇ ದಿನ, ಮಂಗಳವಾರ, ನೆಂಟರ ಮನೆಯ ಗೃಹಪ್ರವೇಶ. ಅತ್ತೆ ಊಟ ಮಾಡಿ ಅಲ್ಲೇ ಮಾತಾಡುತ್ತಾ ಕೂತರು, ಮಾತ್ರೆ ಮನೆಯಲ್ಲೇ ಉಳಿಯಿತು. ರಾತ್ರಿ ಹನ್ನೊಂದೂವರೆಗೆ ಮನೆಗೆ ಬಂದ ಮಗನಿಗೆ ನೆನಪಾಯಿತು. ಈಗ ಏನು ಮಾಡಬೇಕು?

ಆ ಹೊತ್ತಿನ ಮೂರು ಮಾತ್ರೆ ಬಿಟ್ಟುಬಿಡಬೇಕು. ಬೆಳಿಗ್ಗೆ ಎಂಟಕ್ಕೆ ಎಂದಿನ ಮೂರು ಕೊಡಬೇಕು. ಬೆಳಿಗ್ಗೆ ಆರು ಕೊಟ್ಟು ಸರಿದೂಗಿಸುವುದು ಬೇಡ. ಕ್ಯಾಲೆಂಡರಿನಲ್ಲಿ ಆ ಜಾಗಕ್ಕೆ ಸೊನ್ನೆ ಹಾಕಬೇಕು. ಹದಿನಾಲ್ಕನೇ ದಿನ ರಾತ್ರಿ ಸ್ಟ್ರಿಪ್‌ನಲ್ಲಿ ಮೂರು ಮಾತ್ರೆ ಮಿಕ್ಕಿರುತ್ತದೆ. ಅದನ್ನು ಹದಿನೈದನೇ ದಿನ ಕೊಡಬಾರದು. ದುಡ್ಡು ಕೊಟ್ಟ ಮಾತ್ರೆ, ಸುಮ್ನೆ ಯಾಕೆ ಹಾಳು ಅನ್ನಿಸುತ್ತದೆ, ಅರ್ಥವಾಗುತ್ತದೆ. ಆದರೆ ಆ ಏಳು ದಿನ ರಜೆ ಅಲ್ಲ, ಅದೂ ಚಿಕಿತ್ಸೆಯ ಭಾಗ. ಮಾತ್ರೆ ಏಟಿಗೆ ಸಿಕ್ಕಿದ ಕರುಳಿನ ಒಳಪದರ, ಬಾಯಿಯ ಚರ್ಮ, ರಕ್ತದ ಬಿಳಿ ಕಣ ಇವೆಲ್ಲ ಮತ್ತೆ ಬೆಳೆಯುವುದು ಆ ವಾರದಲ್ಲೇ. ಆ ವಾರಕ್ಕೆ ಮಾತ್ರೆ ಹಿಗ್ಗಿಸಿದರೆ ಅವು ಏಳುವ ಮುಂಚೆ ಇನ್ನೊಂದು ಏಟು ಬೀಳುತ್ತದೆ.

ಮಾತ್ರೆ ನುಂಗಿದ ಮೇಲೆ ವಾಂತಿ ಆದರೂ ಇದೇ ನಿಯಮ. ಮತ್ತೆ ಕೊಡಬೇಡಿ. ಎಷ್ಟು ಒಳಗೆ ಹೋಗಿದೆ, ಎಷ್ಟು ಹೊರಗೆ ಬಂದಿದೆ ಅಂತ ಯಾರಿಗೂ ಹೇಳಲು ಆಗುವುದಿಲ್ಲ. ಮುಂದಿನ ಹೊತ್ತಿಗೆ ಎಂದಿನಷ್ಟೇ ಕೊಡಿ. ದಿನಕ್ಕೆ ಒಂದು ಸಲಕ್ಕಿಂತ ಹೆಚ್ಚು ವಾಂತಿ ಆದರೆ ಮಾತ್ರೆ ನಿಲ್ಲಿಸಿ ಫೋನ್ ಮಾಡಿ.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಹನ್ನೊಂದನೇ ದಿನ, ಗುರುವಾರ, ಅತ್ತೆಗೆ ಬೇಧಿ ಶುರುವಾಯಿತು. ಮಾಮೂಲಿಯಾಗಿ ದಿನಕ್ಕೆ ಒಂದು ಸಲ ಹೋಗುವವರು ಸಂಜೆಯೊಳಗೆ ಐದು ಸಲ ಹೋದರು. ಮದುವೆ ಮನೆ ಊಟ, ಗೃಹಪ್ರವೇಶದ ಊಟ ಅಂದರೆ ಹೊಟ್ಟೆ ಕೆಡುವುದು ಸಹಜ ಅಂತ ಎಲ್ಲರೂ ಅಂದುಕೊಂಡರು. ರಾತ್ರಿ ಎಂದಿನಂತೆ ಮೂರು ಮಾತ್ರೆ ಕೊಟ್ಟರು. ಎರಡು ಗಂಟೆಗೆ ಎದ್ದು ಮತ್ತೊಂದು ಸಲ ಹೋದರು.

ಇಲ್ಲಿ ಗೆರೆ ಎಲ್ಲಿದೆ ಅಂದರೆ, ಮಾಮೂಲಿಗಿಂತ ದಿನಕ್ಕೆ ನಾಲ್ಕು ಸಲ ಜಾಸ್ತಿ ಹೋದರೆ, ಅಥವಾ ರಾತ್ರಿ ನಿದ್ದೆಯಿಂದ ಎದ್ದು ಹೋಗಬೇಕಾದರೆ, ಮಾತ್ರೆ ನಿಲ್ಲಿಸಿ ಫೋನ್ ಮಾಡಬೇಕು. ಎರಡರಲ್ಲಿ ಒಂದಾದರೂ ಸಾಕು. ಹಾಗೆ ನೋಡಿದರೆ ಗುರುವಾರ ಸಂಜೆಯೇ ನಿಲ್ಲಿಸಬೇಕಿತ್ತು. ಊಟದಿಂದ ಬಂದ ಬೇಧಿಯೋ ಮಾತ್ರೆಯಿಂದ ಬಂದದ್ದೋ ಅಂತ ಮನೆಯಲ್ಲಿ ಕೂತು ತೀರ್ಮಾನ ಮಾಡುವ ಅಗತ್ಯ ಇಲ್ಲ. ಎರಡರಲ್ಲಿ ಯಾವುದಾದರೂ ಅಷ್ಟೇ, ಆ ಕರುಳಿಗೆ ಆಗ ಈ ಮಾತ್ರೆ ಬೇಡ.

ಶುಕ್ರವಾರ ಬೆಳಿಗ್ಗೆ ಮಗ ಮಾತ್ರೆ ಕೊಡದೆ ಆಸ್ಪತ್ರೆಗೆ ಫೋನ್ ಮಾಡಿದ. ಅವನು ಹೇಳಿದ್ದು ಹೀಗೆ: "ಅಮ್ಮನಿಗೆ ಕೆಪೆಸಿಟಬಿನ್ ಕೊಡ್ತಿದ್ದೀವಿ, ಮೊದಲನೇ ಸೈಕಲ್, ಇವತ್ತು ಹನ್ನೆರಡನೇ ದಿನ. ನಿನ್ನೆ ರಾತ್ರಿ ಎಂಟಕ್ಕೆ ಕೊನೆ ಮಾತ್ರೆ ಕೊಟ್ಟಿದ್ದು. ನಿನ್ನೆಯಿಂದ ಆರು ಸಲ ಬೇಧಿ, ರಕ್ತ ಇಲ್ಲ. ಜ್ವರ ನೋಡಿದೆ, 98.8 ಇದೆ. ಮೂತ್ರ ಹೋಗ್ತಿದ್ದಾರೆ, ನೀರು ಕುಡೀತಿದ್ದಾರೆ." ಇಷ್ಟು ಹೇಳಿದರೆ ಫೋನ್ ಎತ್ತಿದವರಿಗೆ ಅರ್ಧ ಕೆಲಸ ಮುಗಿಯಿತು. "ಅಮ್ಮನಿಗೆ ಹುಷಾರಿಲ್ಲ" ಅಂತ ಮಾತ್ರ ಹೇಳಿದರೆ ಇದನ್ನೆಲ್ಲ ಒಂದೊಂದಾಗಿ ಕೇಳಿಯೇ ತಿಳಿಯಬೇಕು.

ಆ ಕಡೆಯವರು ಒಂದು ಪ್ರಶ್ನೆ ಕೇಳಿದರು: ಬೇರೆ ಯಾವ ಮಾತ್ರೆ ತಗೊಳ್ತಿದ್ದಾರೆ? ಮಗ ಏನೂ ಇಲ್ಲ ಅಂದ. ಆಗ ಸೊಸೆ ಪಕ್ಕದಿಂದ ಹೇಳಿದಳು, "ನನ್ನ ರಕ್ತದ ಮಾತ್ರೆ ಅತ್ತೆನೂ ತಗೊಳ್ತಿದ್ದಾರೆ." ಬಸುರಿಯರಿಗೆ ಕೊಡುವ ಕಬ್ಬಿಣಾಂಶದ ಮಾತ್ರೆ. ಅತ್ತೆಗೆ ಸುಸ್ತು, ರಕ್ತ ಕಮ್ಮಿ ಅಂತ ಅವರೂ ದಿನಕ್ಕೊಂದು ನುಂಗುತ್ತಿದ್ದರು.

ಆಶಾ ಅಕ್ಕಂದಿರು ಇದನ್ನು ಗಮನಿಸಿ. ಆ ಮಾತ್ರೆಯಲ್ಲಿ ಕಬ್ಬಿಣದ ಜೊತೆ ಫೋಲಿಕ್ ಆಸಿಡ್ ಇದೆ. ಬಸುರಿಗೆ ಅದು ಅಮೃತ. ಆದರೆ ಕೆಪೆಸಿಟಬಿನ್ ಜೊತೆ ಸೇರಿದರೆ ಅದರ ಅಡ್ಡಪರಿಣಾಮವನ್ನು ಜಾಸ್ತಿ ಮಾಡುತ್ತದೆ, ಬೇಧಿ ಮತ್ತು ಬಾಯಿಹುಣ್ಣು ಜೋರಾಗುತ್ತವೆ. ಬಿ ಕಾಂಪ್ಲೆಕ್ಸ್, ಶಕ್ತಿ ಬರುವ ಟಾನಿಕ್ ಅಂತ ಅಂಗಡಿಯಲ್ಲಿ ಕೊಡುವ ಎಷ್ಟೋ ಔಷಧಿಗಳಲ್ಲೂ ಫೋಲಿಕ್ ಆಸಿಡ್ ಇರುತ್ತದೆ. ಸೊಪ್ಪಿನ ಸಾರು, ಬಸ್ಸಾರು ಬಿಡಬೇಕಾಗಿಲ್ಲ, ಊಟ ಊಟದ ಹಾಗೇ ಇರಲಿ. ಮಾತ್ರೆ, ಟಾನಿಕ್, ನಾಟಿ ಔಷಧಿ ಏನೇ ಆದರೂ ಕೇಳದೆ ಕೊಡಬೇಡಿ. ರಕ್ತ ತೆಳುವಾಗಲು ವಾರ್ಫರಿನ್, ಫಿಟ್ಸ್‌ಗೆ ಫೆನಿಟಾಯಿನ್ ತೆಗೆದುಕೊಳ್ಳುವವರು ಮೊದಲೇ ಡಾಕ್ಟರಿಗೆ ಹೇಳಿರಬೇಕು. ಕೆಪೆಸಿಟಬಿನ್ ಜೊತೆ ಇವೆರಡರ ಏಟೂ ಏರುತ್ತದೆ.

ಅತ್ತೆಗೆ ಒಂದು ಲೀಟರ್ ನೀರಿಗೆ ಒಂದು ಪ್ಯಾಕೆಟ್ ಓಆರ್‌ಎಸ್ ಕರಗಿಸಿ ಸ್ವಲ್ಪ ಸ್ವಲ್ಪವಾಗಿ ಕುಡಿಸಲು ಹೇಳಿದರು. ಉಪ್ಪು ಹಾಕಿದ ಅನ್ನದ ಗಂಜಿ ಕೊಡಬಹುದು. ಬೇಧಿ ನಿಲ್ಲಿಸುವ ಮಾತ್ರೆ ಯಾವುದು, ಎಷ್ಟು ಅಂತ ಅವರೇ ಹೇಳಿದರು. ನೀವಾಗಿ ಅಂಗಡಿಯಿಂದ ತರಬೇಡಿ. ಸಂಜೆಯೊಳಗೆ ಕಮ್ಮಿ ಆಗದಿದ್ದರೆ, ತಲೆ ಸುತ್ತಿದರೆ, ಮೂತ್ರ ಕಮ್ಮಿಯಾದರೆ ಹತ್ತಿರದ ಆಸ್ಪತ್ರೆಗೆ ಹೋಗಬೇಕು ಅಂದರು. ಅದೃಷ್ಟಕ್ಕೆ ಶನಿವಾರ ನಿಂತಿತು. ಉಳಿದ ದಿನಗಳ ಮಾತ್ರೆ ಬಿಡಲು ಹೇಳಿದರು. ಒಂಬತ್ತನೇ ದಿನದ ಮೂರು, ಕೊನೆಯ ಮೂರು ದಿನದ ಹದಿನೆಂಟು, ಒಟ್ಟು 21 ಮಾತ್ರೆ ಉಳಿಯಿತು. ಮುಂದಿನ ಸೈಕಲ್ ಯಾವಾಗ, ಅದೇ ಡೋಸೋ ಕಮ್ಮಿಯೋ ಅನ್ನುವುದು ರಕ್ತಪರೀಕ್ಷೆ ನೋಡಿ ಡಾಕ್ಟರು ಹೇಳುವ ಮಾತು.

ಕೆಲವರಿಗೆ ಹುಟ್ಟಿನಿಂದಲೇ ಈ ಔಷಧಿಯನ್ನು ಒಡೆಯುವ ಕಿಣ್ವ ಕಮ್ಮಿ ಇರುತ್ತದೆ. ಅಂಥವರಿಗೆ ಮೊದಲ ಸೈಕಲ್ಲಿನಲ್ಲೇ ಬೇಧಿ, ಬಾಯಿಹುಣ್ಣು, ಜ್ವರ ಮೂರೂ ಒಟ್ಟಿಗೆ, ಜೋರಾಗಿ ಬರಬಹುದು. ಹಾಗಾಗಿ ಮೊದಲ ಮೂರು ವಾರ ಕಣ್ಣು ಜಾಸ್ತಿ ಇರಲಿ.

ಕೈಕಾಲಿನ ವಿಷಯ ಹೇಳಲೇಬೇಕು, ರೇಷ್ಮೆ ಊರಿನಲ್ಲಿ ಇದು ದೊಡ್ಡ ವಿಷಯ. ಈ ಮಾತ್ರೆಯಿಂದ ಅಂಗೈ, ಅಂಗಾಲು ಮೊದಲು ಜುಮ್ಮೆನ್ನುತ್ತದೆ, ಆಮೇಲೆ ಕೆಂಪಾಗುತ್ತದೆ, ಊದುತ್ತದೆ, ಚರ್ಮ ಸುಲಿಯುತ್ತದೆ. ಬಿಸಿ ಮತ್ತು ಉಜ್ಜಾಟ ಅದನ್ನು ಹೆಚ್ಚಿಸುತ್ತವೆ. ರೀಲಿಂಗ್‌ನಲ್ಲಿ ಗೂಡು ಬೇಯಿಸಿದ ಬಿಸಿನೀರಿಗೆ ದಿನವಿಡೀ ಕೈ ಹಾಕುವುದು ಈ ಸಮಯದಲ್ಲಿ ಆಗದ ಕೆಲಸ. ಮುದ್ದೆ ಕಟ್ಟುವುದೂ ಹಾಗೇ. ಮನೆಯಲ್ಲಿ ಬೇರೆ ಯಾರಾದರೂ ಮುದ್ದೆ ಕಟ್ಟಲಿ. ಅತ್ತೆ ಬಿಸಿ ಮುದ್ದೆ ಮುರಿಯದೆ ಆರಿದ ಮೇಲೆ ಉಣ್ಣಲಿ. ಮೆತ್ತನೆ ಚಪ್ಪಲಿ, ಉಗುರು ಬೆಚ್ಚಗಿನ ನೀರು, ದಿನಕ್ಕೆ ಎರಡು ಮೂರು ಸಲ ಚರ್ಮಕ್ಕೆ ತೇವ ಕೊಡುವ ಕ್ರೀಮು, ಮೊದಲ ದಿನದಿಂದಲೇ. ಕೆಂಪಾದರೆ ನೋಡಿಕೊಂಡು ಹೋಗಬಹುದು. ನೋವು ಬಂದು ಲೋಟ ಹಿಡಿಯಲು, ನಡೆಯಲು ಕಷ್ಟವಾದರೆ ಮಾತ್ರೆ ನಿಲ್ಲಿಸಿ ಫೋನ್ ಮಾಡಿ. ಗೋರಂಟಿ ಹಚ್ಚಬೇಡಿ, ಆ ಬಣ್ಣದಲ್ಲಿ ಕೆಂಪು ಕಾಣುವುದಿಲ್ಲ.

ಕೆಲವರಿಗೆ ಬೆರಳಿನ ಗೆರೆಗಳೇ ಮಾಸಿಹೋಗುತ್ತವೆ. ನ್ಯಾಯಬೆಲೆ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿದರೆ ಯಂತ್ರ ತೆಗೆದುಕೊಳ್ಳುವುದಿಲ್ಲ, ಜನ ಗಾಬರಿ ಆಗುತ್ತಾರೆ. ಇದು ಮಾತ್ರೆಯ ಪರಿಣಾಮ. ಆ ತಿಂಗಳು ಕಾರ್ಡಿನಲ್ಲಿರುವ ಇನ್ನೊಬ್ಬರು ಹೆಬ್ಬೆಟ್ಟು ಕೊಡಲಿ.

ಇನ್ನೆರಡು ಸಂಗತಿಗೂ ಬೆಳಿಗ್ಗೆ ಆಗಲಿ ಅಂತ ಕಾಯಬಾರದು. ಒಂದು ಜ್ವರ. ಮನೆಯಲ್ಲಿ ಥರ್ಮಾಮೀಟರ್ ಇರಲೇಬೇಕು. 100.4 ಡಿಗ್ರಿ ಮುಟ್ಟಿದರೆ, ಗಂಟೆ ಎಷ್ಟೇ ಆಗಿರಲಿ, ಫೋನ್ ಮಾಡಿ ಹೊರಡಿ. ಬಿಳಿ ಕಣ ಕಮ್ಮಿ ಇರುವಾಗ ಬಂದ ಸೋಂಕು ಕೆಲವೇ ಗಂಟೆಗಳಲ್ಲಿ ರಕ್ತಕ್ಕೆ ಇಳಿಯಬಹುದು. ಅಳೆಯುವ ಮುಂಚೆ ಪ್ಯಾರಾಸಿಟಮಾಲ್ ಕೊಡಬೇಡಿ, ಜ್ವರ ಇಳಿದಂತೆ ಕಾಣುತ್ತದೆ, ಸೋಂಕು ಒಳಗೇ ಬೆಳೆಯುತ್ತದೆ. ಇನ್ನೊಂದು ಎದೆನೋವು. ಈ ಮಾತ್ರೆ ಕೆಲವರಲ್ಲಿ ಹೃದಯದ ರಕ್ತನಾಳವನ್ನು ಹಿಡಿದುಬಿಡುತ್ತದೆ. ಗ್ಯಾಸ್ ಅಂತ ಜೀರಿಗೆ ನೀರು ಕೊಟ್ಟು ಕೂರಬೇಡಿ. ಮಾತ್ರೆ ನಿಲ್ಲಿಸಿ, 108ಕ್ಕೆ ಕರೆ ಮಾಡಿ, ಸ್ಟ್ರಿಪ್ ಕೈಯಲ್ಲಿ ಹಿಡಿದುಕೊಂಡು ಹೋಗಿ. ಅಲ್ಲಿನ ಡಾಕ್ಟರಿಗೆ ಅದನ್ನು ತೋರಿಸದಿದ್ದರೆ ಈ ಕಾರಣ ಹೊಳೆಯದೇ ಇರಬಹುದು.

ಕೊನೆಗೆ ಹಿಂದೆ ಕೂತಿದ್ದ ಒಬ್ಬ ಅಕ್ಕ ಕೇಳಿದರು: "ಮೇಡಂ, ಆ ಉಳಿದ ಇಪ್ಪತ್ತೊಂದು ಮಾತ್ರೆ ಏನು ಮಾಡೋದು? ನಮ್ಮೂರಲ್ಲಿ ಇನ್ನೊಬ್ಬರಿಗೂ ಅದೇ ಕಾಯಿಲೆ ಇದೆ, ಕೊಟ್ಟುಬಿಡಬಹುದಾ?"

ಬೇಡಮ್ಮ. ಅವರ ಡೋಸ್ ಬೇರೆ, ಅವರ ಕಿಡ್ನಿ ಬೇರೆ. ಸ್ನಾನದ ಹಂಡೆ ಒಲೆಗೆ ಹಾಕಿ ಸುಡಬೇಡಿ, ಟಾಯ್ಲೆಟ್ಟಿಗೆ ಹಾಕಬೇಡಿ, ತಿಪ್ಪೆಗೂ ಬೇಡ, ದನ ಕರು ಮೂಸುತ್ತವೆ. ಸ್ಟ್ರಿಪ್‌ನಲ್ಲೇ ಇರಲಿ, ಒಂದು ಕವರಿಗೆ ಹಾಕಿ ಬಾಯಿ ಕಟ್ಟಿ, ಮಕ್ಕಳ ಕೈಗೆ ಸಿಗದ ಕಡೆ, ಅಡುಗೆಮನೆಯಲ್ಲಿ ಅಲ್ಲ, ಬೀರುವಿನಲ್ಲಿ ಇಡಿ. ಮುಂದಿನ ಸಲ ಆಸ್ಪತ್ರೆಗೆ ಹೋಗುವಾಗ ಕ್ಯಾಲೆಂಡರಿನ ಆ ಹಾಳೆಯ ಜೊತೆಗೇ ತಗೊಂಡು ಹೋಗಿ ಕೊಡಿ. ಡಾಕ್ಟರು ಉಳಿದ ಮಾತ್ರೆ ಎಣಿಸಿ, ಹಾಳೆಯ ಟಿಕ್ ನೋಡಿ, ಮುಂದಿನ ಸೈಕಲ್ಲಿಗೆ ಎಷ್ಟು ಬರೆಯಬೇಕು ಅಂತ ನೋಡುತ್ತಾರೆ.